ಸ್ಯಾಟಲೈಟ್ ಚಿತ್ರ ಟೈಲ್ ಮಾಡುವಾಗ ಓವರ್‌ಲ್ಯಾಪ್ ಎಷ್ಟಿಡಬೇಕು? ಮಾಡಿದವರು ಹೇಳಿ

ಕೇಳಿದವರು (ವಿಜಯಪುರ, ಎಂ.ಟೆಕ್ ವಿದ್ಯಾರ್ಥಿನಿ)

ನಮ್ಮೂರಿನ ಸ್ಯಾಟಲೈಟ್ ಚಿತ್ರ ಇದೆ. 10,000 × 10,000 ಪಿಕ್ಸೆಲ್, ಒಂದು ಪಿಕ್ಸೆಲ್ ಅಂದ್ರೆ ಅರ್ಧ ಮೀಟರ್. ಕಟ್ಟಡ ಗುರುತಿಸೋ ಮಾಡೆಲ್‌ಗೆ 512ರ ಟೈಲ್ ಕತ್ತರಿಸ್ತಾ ಇದೀನಿ. ಓವರ್‌ಲ್ಯಾಪ್ 64 ಇಡಲಾ, 256 ಇಡಲಾ? ವ್ಯಾಲಿಡೇಶನ್ ಸ್ಕೋರ್ ತುಂಬಾ ಚೆನ್ನಾಗಿ ಬರ್ತಿದೆ, ಆದ್ರೆ ಪಕ್ಕದ ಊರಿನ ಚಿತ್ರ ಕೊಟ್ರೆ ಎಷ್ಟೋ ಮನೆ ಬಿಟ್ಟೇ ಬಿಡುತ್ತೆ.

ಬಾಗಲಕೋಟೆ, ಡ್ರೋನ್ ಸರ್ವೆ ಮಾಡುವವರು

ತಂಗಿ, 64 ಏನೂ ಸಾಲೂದಿಲ್ಲ. ನಾವು ನವನಗರದಾಗ ಡ್ರೋನ್ ಹಾರಿಸುವಾಗ ಮುಂದಕ್ಕ 75, ಬಾಜೂಕ 65 ಪರ್ಸೆಂಟ್ ಓವರ್‌ಲ್ಯಾಪ್ ಇಟ್ಟಿದ್ವಿ. ಕಡಿಮಿ ಆತಂದ್ರ ಫೋಟೋ ಒಂದಕ್ಕೊಂದು ಕೂಡೂದಿಲ್ಲ, ನಡುವ ತೂತು ಬೀಳ್ತಾವು. ಒಮ್ಮಿ ಗಾಳಿ ಜೋರಿತ್ತು, ಎರಡು ಸಾಲು ದೂರ ಸರದು ಇಡೀ ಓಣಿ ಮತ್ತ ಹಾರಿಸಬೇಕಾತು. ನೀವೂ 70ಕ್ಕಿಂತ ಕಡಿಮಿ ಇಡಬ್ಯಾಡ್ರಿ.

ಹುಬ್ಬಳ್ಳಿಯಲ್ಲಿರುವ ಬೆಳಗಾವಿಯವರು, ಸಾಫ್ಟ್‌ವೇರ್

ನಾನು 256 ಇಡ್ತೀನಿ, ಅಂದ್ರೆ ಅರ್ಧಕ್ಕರ್ಧ. ಯಾವ ಮನೆಯೂ ಒಂದಲ್ಲ ಒಂದು ಟೈಲ್‌ನಲ್ಲಿ ಪೂರ್ತಿ ಸಿಗುತ್ತೆ. ಇನ್ನೊಂದು ಲಾಭ, ನಿಮ್ಮ ಚಿತ್ರದಿಂದ ಓವರ್‌ಲ್ಯಾಪ್ ಇಲ್ಲದೆ 400 ಟೈಲ್ ಬಂದ್ರೆ ಹೀಗೆ 1,521 ಬರುತ್ತೆ. ಡೇಟಾ ಹೆಚ್ಚುಕಮ್ಮಿ ನಾಲ್ಕು ಪಟ್ಟು. ಆಮೇಲೆ ಕಲಸಿ 80-20 ಮಾಡಿ ಟ್ರೈನಿಂಗ್‌ಗೆ ಹಾಕಿ.

ಬೆಳಗಾವಿ, ಜಿಐಎಸ್ ಕೆಲಸದವರು

ಡ್ರೋನ್ ಅಣ್ಣಾವ್ರು ಹೇಳಿದ್ದು ಅವರ ಕೆಲಸಕ್ಕೆ ಸರಿಯಾದ ಮಾತು. ಆದರೆ ಆ ಓವರ್‌ಲ್ಯಾಪ್ ಫೋಟೋಗಳನ್ನು ಹೊಲಿದು ಒಂದು ಚಿತ್ರ ಮಾಡುವುದಕ್ಕೆ. ಇವರ ಹತ್ತಿರ ಹೊಲಿದ ಚಿತ್ರ ಆಗಲೇ ಇದೆ, ಅದನ್ನು ಕತ್ತರಿಸಬೇಕಾಗಿದೆ. ಇಲ್ಲಿ ಓವರ್‌ಲ್ಯಾಪ್ ಇಡುವುದು ಒಂದೇ ಕಾರಣಕ್ಕೆ: ಕತ್ತರಿ ಬಿದ್ದ ಗೆರೆಯ ಮೇಲಿರುವ ಕಟ್ಟಡ ಪಕ್ಕದ ಟೈಲ್‌ನಲ್ಲಾದರೂ ಇಡಿಯಾಗಿ ಕಾಣಲಿ ಅಂತ.

ಹಾಗಾಗಿ ಲೆಕ್ಕ ಕಟ್ಟಡದಿಂದ ಶುರುವಾಗಬೇಕು. ಉದ್ದದಲ್ಲೂ ಅಗಲದಲ್ಲೂ ಓವರ್‌ಲ್ಯಾಪ್‌ಗಿಂತ ಚಿಕ್ಕದಾದ ಕಟ್ಟಡ ಯಾವುದಾದರೂ ಒಂದು ಟೈಲ್‌ನಲ್ಲಿ ಪೂರ್ತಿ ಸಿಕ್ಕೇ ಸಿಗುತ್ತದೆ. ನಿಮ್ಮೂರಲ್ಲೇ ಅಳತೆಗೋಲಿದೆ. ಗೋಲಗುಮ್ಮಟದ ಒಂದು ಬದಿ ಸುಮಾರು 47.5 ಮೀಟರ್, ನಿಮ್ಮ ಚಿತ್ರದಲ್ಲಿ 95 ಪಿಕ್ಸೆಲ್, ಮೂಲೆಯ ಮಿನಾರು ಸೇರಿದರೆ ಇನ್ನೂ ಸ್ವಲ್ಪ. 64 ಇಟ್ಟರೆ ಗುಮ್ಮಟದಂಥ ಕಟ್ಟಡ ತಾನಿರುವ ಪ್ರತಿ ಟೈಲ್‌ನಲ್ಲೂ ತುಂಡಾಗಿಯೇ ಕಾಣುವ ಸಂಭವ ಇದೆ. 128 ಇಟ್ಟರೆ ಅದು ಆಗುವುದಿಲ್ಲ. ಊರಿನ ಬಹುಪಾಲು ಮನೆಗಳು ಇದಕ್ಕಿಂತ ಎಷ್ಟೋ ಸಣ್ಣವು. ನಾನಾದರೆ 128 ಇಡುತ್ತೇನೆ.

`gdal_retile.py -ps 512 512 -overlap 128 -targetDir . image.tif` ಕೊಟ್ಟರೂ ಕೆಲಸ ಆಗುತ್ತದೆ, ಆದರೆ ಬಲಗಡೆಯ ಮತ್ತು ಕೆಳಗಿನ ಅಂಚಿನ ಟೈಲ್‌ಗಳು ಸಣ್ಣದಾಗಿ ಬರುತ್ತವೆ. ಕೊನೆಯ ಟೈಲನ್ನು ಹಿಂದಕ್ಕೆ ಎಳೆದು ಅಂಚಿಗೆ ಕೂರಿಸುವುದು ನನಗೆ ಹಿಡಿಸಿದ ದಾರಿ:

```python
def starts(size, tile=512, overlap=128):
    s = list(range(0, size - tile, tile - overlap))
    return s + [size - tile]
```

ಈಗ ನಿಮ್ಮ ನಿಜವಾದ ತೊಂದರೆಗೆ ಬರೋಣ. ಅದು ಓವರ್‌ಲ್ಯಾಪ್ ಸಂಖ್ಯೆಯಲ್ಲಿಲ್ಲ, ಕತ್ತರಿಸಿದ ಮೇಲೆ ಕಲಸಿದ್ದರಲ್ಲಿದೆ ಅಂತ ನನ್ನ ಅನುಮಾನ. 512ರ ಟೈಲ್‌ಗೆ ನಾಲ್ಕೂ ಕಡೆ 128 ಓವರ್‌ಲ್ಯಾಪ್ ಇದ್ದರೆ ಅದಕ್ಕೇ ಸೇರಿದ್ದು ನಡುವಿನ 256 × 256 ಮಾತ್ರ, ಅಂದರೆ ಕಾಲು ಭಾಗ. ಮುಕ್ಕಾಲು ಭಾಗ ಅಕ್ಕಪಕ್ಕದ ಟೈಲ್‌ಗಳಲ್ಲೂ ಇದೆ. 256 ಓವರ್‌ಲ್ಯಾಪ್‌ನಲ್ಲಂತೂ ಒಳಗಿನ ಒಂದೊಂದು ಪಿಕ್ಸೆಲ್ಲೂ ನಾಲ್ಕು ಟೈಲ್‌ನಲ್ಲಿರುತ್ತದೆ. ಕಲಸಿ ಹಂಚಿದರೆ ವ್ಯಾಲಿಡೇಶನ್‌ಗೆ ಇಟ್ಟ ಮನೆಗಳನ್ನು ಮಾಡೆಲ್ ಟ್ರೈನಿಂಗ್‌ನಲ್ಲೇ ನೋಡಿಬಿಟ್ಟಿರುತ್ತದೆ. ಸ್ಕೋರ್ ಚೆನ್ನಾಗಿ ಬರದೆ ಇನ್ನೇನು? ನಾಲ್ಕು ಪಟ್ಟು ಡೇಟಾ ಅಂದದ್ದೂ ಇದೇ. ಟೈಲ್ ನಾಲ್ಕು ಪಟ್ಟು, ಮನೆಗಳು ಅಷ್ಟೇ.

ಮೊದಲು ಹಂಚಿ, ಆಮೇಲೆ ಕತ್ತರಿಸಿ. ನಿಮ್ಮ ಚಿತ್ರವನ್ನು 2,500 ಪಿಕ್ಸೆಲ್‌ನ 16 ಬ್ಲಾಕ್ ಮಾಡಿ. ಅದರಲ್ಲಿ ಮೂರನ್ನು ವ್ಯಾಲಿಡೇಶನ್‌ಗೆ ತೆಗೆದಿಡಿ: ಕೋಟೆಯೊಳಗಿನ ಒತ್ತೊತ್ತಾದ ಓಣಿಗಳು ಒಂದು, ಹೊಸ ಬಡಾವಣೆ ಒಂದು, ತೋಟದ ಮನೆಗಳಿರುವ ಊರಂಚು ಒಂದು. ಒಂದೊಂದು ಬ್ಲಾಕನ್ನೂ ಬೇರೆಬೇರೆಯಾಗಿ ಕತ್ತರಿಸಿದರೆ 7 × 7, ಅಂದರೆ 49 ಟೈಲ್. ಒಟ್ಟು 784ರಲ್ಲಿ 637 ಟ್ರೈನಿಂಗ್‌ಗೆ, 147 ವ್ಯಾಲಿಡೇಶನ್‌ಗೆ. ಕೊನೆಯ ಎರಡು ಟೈಲ್ 1,920 ಮತ್ತು 1,988ರಲ್ಲಿ ಶುರುವಾಗುವುದರಿಂದ ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ, ಆದರೆ ಎರಡೂ ಒಂದೇ ಬ್ಲಾಕಿನವು, ತೊಂದರೆಯಿಲ್ಲ. ಬ್ಲಾಕ್ ಗೆರೆಯ ಮೇಲಿನ ಮನೆಗಳು ತುಂಡಾಗುತ್ತವೆ, ಅಷ್ಟನ್ನು ಬಿಟ್ಟುಕೊಡಬೇಕು.

ಫೈಲ್ ಹೆಸರಿನಲ್ಲೇ ಇಡೀ ಚಿತ್ರದಲ್ಲಿ ಟೈಲ್ ಶುರುವಾಗುವ x, y ಬರೆದಿಡಿ. ಹಂಚಿಕೆ ಮುಗಿದ ಮೇಲೆ ಪ್ರತಿ ವ್ಯಾಲಿಡೇಶನ್ ಟೈಲ್ ಯಾವುದಾದರೂ ಟ್ರೈನಿಂಗ್ ಟೈಲ್‌ನ ಮೇಲೆ ಬೀಳುತ್ತದಾ ಅಂತ ಎಣಿಸಿ. ಸೊನ್ನೆ ಬರಬೇಕು.

ಕೇಳಿದವರು

ಸರ್, ಈಗಿರೋ ಹಂಚಿಕೆಯನ್ನ ಎಣಿಸಿ ನೋಡಿದೆ. ವ್ಯಾಲಿಡೇಶನ್ ಟೈಲ್‌ಗಳಲ್ಲಿ ಟ್ರೈನಿಂಗ್ ಟೈಲ್‌ಗೆ ತಾಗದೇ ಇರೋದು ಒಂದೂ ಇಲ್ಲ! ಬ್ಲಾಕ್ ಮಾಡಿ ಮತ್ತೆ ಟ್ರೈನಿಂಗ್ ಹಾಕಿದೆ, ಸ್ಕೋರ್ ಸಾಕಷ್ಟು ಇಳೀತು, ಪಕ್ಕದ ಊರಲ್ಲಿ ಬರ್ತಿದ್ದ ಮಟ್ಟಕ್ಕೇ ಹತ್ತಿರ ಬಂತು. ತಪ್ಪು ಹೆಚ್ಚಾಗಿರೋದು ಕೋಟೆ ಬ್ಲಾಕ್‌ನಲ್ಲಿ. ಮಣ್ಣಿನ ಮಾಳಿಗೆ ಮನೆಗಳನ್ನ ಖಾಲಿ ಜಾಗ ಅಂತ ಬಿಡ್ತಿದೆ. ಇನ್ನೊಂದು ಪ್ರಶ್ನೆ: ಟೈಲ್ ಅಂಚಲ್ಲಿ ಮನೆಯ ಬರೀ ಒಂದು ಎಳೆ ಉಳಿದ್ರೆ ಆ ಲೇಬಲ್ ತೆಗೆದುಬಿಡಲಾ? ನಾನು ಬಾಕ್ಸ್ ಹುಡುಕೋ ಮಾಡೆಲ್ ಬಳಸ್ತಿದೀನಿ.

ಹುಬ್ಬಳ್ಳಿಯಲ್ಲಿರುವ ಬೆಳಗಾವಿಯವರು

ಕಲಸೋದ್ರಲ್ಲಿ ನಾನು ತಪ್ಪಿದ್ದೆ, ನನ್ನ ಹಳೇ ಪ್ರಾಜೆಕ್ಟನ್ನೂ ಹೀಗೇ ಎಣಿಸಬೇಕು. ಎಳೆ ವಿಷಯಕ್ಕೆ ಮಾತ್ರ ಗಟ್ಟಿಯಾಗಿ ಹೇಳ್ತೀನಿ: ಅರ್ಧಕ್ಕಿಂತ ಕಡಿಮೆ ಉಳಿದ್ರೆ ತೆಗೀರಿ. ಪಕ್ಕದ ಟೈಲ್‌ನಲ್ಲಿ ಪೂರ್ತಿ ಮನೆ ಇದ್ದೇ ಇರುತ್ತಲ್ಲ.

ಬೆಳಗಾವಿ, ಜಿಐಎಸ್ ಕೆಲಸದವರು

ಇದನ್ನು ನಾನು ಒಪ್ಪಲಾರೆ. ಲೇಬಲ್ ತೆಗೆದರೂ ಚಾವಣಿ ಚಿತ್ರದಲ್ಲಿ ಉಳಿಯುತ್ತದೆ. ಅರ್ಧ ಚಾವಣಿ ತೋರಿಸಿ "ಇಲ್ಲಿ ಕಟ್ಟಡ ಇಲ್ಲ" ಅಂತ ಮಾಡೆಲ್‌ಗೆ ಕಲಿಸಿದ ಹಾಗಾಗುತ್ತದೆ. ಅಂಚಿನ ಹತ್ತಿರ ಮನೆ ಬಿಡುವ ಚಟ ಅದಕ್ಕೆ ಹತ್ತುವುದು ಹೀಗೆ. ಐದನೇ ಒಂದು ಭಾಗಕ್ಕಿಂತ ಹೆಚ್ಚು ಉಳಿದರೆ ನಾನು ಕತ್ತರಿಸಿದ ಲೇಬಲನ್ನೇ ಇಡುತ್ತೇನೆ. ಅದಕ್ಕಿಂತ ಸಣ್ಣ ಎಳೆಯನ್ನು ಲೆಕ್ಕಕ್ಕೆ ಹಿಡಿಯದಂತೆ ಗುರುತು ಮಾಡುತ್ತೇನೆ. ನಿಮ್ಮ ಲೈಬ್ರರಿಯಲ್ಲಿ ಆ ಸೌಲಭ್ಯ ಇಲ್ಲದಿದ್ದರೆ ಅಷ್ಟು ಜಾಗವನ್ನು ಕಪ್ಪು ಮಾಡಿಬಿಡಿ. ಐದನೇ ಒಂದೋ ಮೂರನೇ ಒಂದೋ ಎಂಬುದು ನನ್ನ ಚಿತ್ರಗಳಿಗೆ ಹೊಂದಿದ ಗಡಿ, ನಿಮ್ಮ ವ್ಯಾಲಿಡೇಶನ್ ಬ್ಲಾಕ್‌ನಲ್ಲಿ ಎರಡನ್ನೂ ಹಾಕಿ ನೋಡಿ. ಪಿಕ್ಸೆಲ್ ಪಿಕ್ಸೆಲ್ ಬಣ್ಣ ಹಚ್ಚುವ ಮಾಸ್ಕ್ ಮಾಡೆಲ್ ಆಗಿದ್ದರೆ ಈ ಚರ್ಚೆಯೇ ಬೇಡ, ಎಳೆಯೂ ಸರಿಯಾದ ಲೇಬಲ್ಲೇ.

ಸ್ಕೋರ್ ಅಳೆಯುವಾಗಲೂ ಎಚ್ಚರ. ಟೈಲ್ ಟೈಲ್ ಅಳೆದರೆ ಓವರ್‌ಲ್ಯಾಪ್‌ನಲ್ಲಿರುವ ಮನೆ ಎರಡು ಸಲ, ಮೂಲೆಯದು ನಾಲ್ಕು ಸಲ ಎಣಿಕೆಗೆ ಬರುತ್ತದೆ. ಬಾಕ್ಸ್‌ಗಳನ್ನು ಬ್ಲಾಕ್ ಮೇಲೆ ವಾಪಸ್ ಕೂರಿಸಿ, ಒಂದರ ಮೇಲೊಂದು ಬಿದ್ದವನ್ನು ಒಂದು ಮಾಡಿ, ಆಮೇಲೆ ಅಳೆಯಿರಿ.

ಮಾಳಿಗೆ ಮನೆಯ ಮಾತು ಬೇರೆ. ಚಾವಣಿಯೂ ಮಣ್ಣು, ಅಂಗಳವೂ ಮಣ್ಣು, ಗುರುತು ಸಿಗುವುದು ನೆರಳಿನಿಂದ. ಟೈಲನ್ನು 256ಕ್ಕೆ ಇಳಿಸಬೇಡಿ, ಕೋಟೆಯೊಳಗಿನ ಇನ್ನೊಂದು ಬ್ಲಾಕ್ ಟ್ರೈನಿಂಗ್‌ನಲ್ಲಿದೆಯಾ ನೋಡಿ.

ಬಾಗಲಕೋಟೆ, ಡ್ರೋನ್ ಸರ್ವೆ ಮಾಡುವವರು

ಈಗ ತಿಳೀತ್ರಿ, ನನ್ನ ಓವರ್‌ಲ್ಯಾಪ್ ಬ್ಯಾರೆ, ನಿಮ್ದು ಬ್ಯಾರೆ. ಒಂದು ಕೇಳ್ತೀನಿ. ನಮ್ಮ ಕಡೆ ಸಕ್ಕರಿ ಫ್ಯಾಕ್ಟರಿ ಗೋದಾಮು 150 ಮೀಟರ್ ಉದ್ದ ಇರ್ತಾವು. ಅರ್ಧ ಮೀಟರ್ ಲೆಕ್ಕದಾಗ 300 ಪಿಕ್ಸೆಲ್ ಆತು. 128 ಇಟ್ರ ಅವು ತುಂಡ ಆಗೂದಿಲ್ಲೇನು?

ಬೆಳಗಾವಿ, ಜಿಐಎಸ್ ಕೆಲಸದವರು

ಆಗುತ್ತವೆ ಅಣ್ಣಾ. ನಾಲ್ಕಾರು ಗೋದಾಮಿಗಾಗಿ ಊರೆಲ್ಲದರ ಓವರ್‌ಲ್ಯಾಪ್ 300 ಮಾಡಿದರೆ ಟೈಲ್ ಸಂಖ್ಯೆ ವಿಪರೀತ ಏರುತ್ತದೆ. ಅದೇ ಚಿತ್ರವನ್ನು ಪಿಕ್ಸೆಲ್‌ಗೆ ಒಂದು ಮೀಟರ್‌ಗೆ ಇಳಿಸಿ ಇನ್ನೊಂದು ಸುತ್ತು ಕತ್ತರಿಸಿದರೆ ಗೋದಾಮು 150 ಪಿಕ್ಸೆಲ್‌ಗೆ ಬರುತ್ತದೆ, ಓವರ್‌ಲ್ಯಾಪ್ 160 ಸಾಕು. ಅದನ್ನು ನಾನು ಒಂದೇ ಊರಿಗೆ ಮಾಡಿ ನೋಡಿದ್ದೇನೆ. ದೊಡ್ಡವು ಸಿಕ್ಕವು, ಆದರೆ ಒತ್ತಾಗಿ ಕಟ್ಟಿದ ಮನೆಗಳ ಇಡೀ ಸಾಲನ್ನೂ ಒಂದೇ ಗೋದಾಮು ಅಂತ ಹಿಡಿಯಿತು. ಎರಡು ಸುತ್ತಿನ ಫಲಿತಾಂಶ ಚೊಕ್ಕವಾಗಿ ಕೂಡಿಸಿದವರಿದ್ದರೆ ಬರೆಯಿರಿ, ನನಗೂ ಬೇಕು.