ಕ್ಲೈಂಟ್‌ಗೆ ದಿನಾ ಕಳಿಸೋ ಟೆಸ್ಟಿಂಗ್ ಸ್ಟೇಟಸ್ ಮೇಲ್: ಬ್ಲಾಕರ್‌ಗೆ ಉತ್ತರ ಬರೋ ಹಾಗೆ ಹೇಗೆ ಬರೀಬೇಕು?

ಕೇಳಿದವರು, ದಾವಣಗೆರೆ: ನಮ್ಮದು ಆರು ಜನರ ಟೆಸ್ಟಿಂಗ್ ಟೀಮ್, ಕ್ಲೈಂಟ್ ಚಿಕಾಗೊದಲ್ಲಿ. ದಿನಾ ರಾತ್ರಿ ಹತ್ತೂವರೆಗೆ ಸ್ಟೇಟಸ್ ಮೇಲ್ ಹೋಗುತ್ತೆ. ಬ್ಲಾಕರ್ ಬರೆದಿದ್ರೂ ಬೆಳಗ್ಗೆ ಬಂದು ನೋಡಿದ್ರೆ ಅದು ಹಾಗೇ ಇರುತ್ತೆ, ಒಂದಿಡೀ ದಿನ ಹಾಳು. ಅನುಭವ ಇರೋರು ಹೇಳಿ.

ಹರಿಹರದಿಂದ: ಕರೆಂಟ್ ಹೋದಾಗ ಮೇಲ್ ಔಟ್‌ಬಾಕ್ಸ್‌ನಲ್ಲೇ ಉಳಿದುಬಿಡುತ್ತೆ ನೋಡ್ರಿ. ಸಂಜೆನೇ ಬರೆದು ಶೆಡ್ಯೂಲ್ ಮಾಡಿಟ್ಟುಬಿಡಿ, ಯುಪಿಎಸ್‌ಗೆ ರೂಟರ್ ಹಾಕಿ.

ಚಿತ್ರದುರ್ಗದಿಂದ: ಅವರ ಮೇಲ್ ಹೋಗ್ತಾ ಇದೆ ಸರ್, ಉತ್ತರ ಬರ್ತಿಲ್ಲ ಅಷ್ಟೆ. ಮೊದಲು ಹೊತ್ತು ಬದಲಾಯಿಸಿ. ಚಳಿಗಾಲದಲ್ಲಿ ನಮ್ಮ ರಾತ್ರಿ 10:30 ಅಂದ್ರೆ ಚಿಕಾಗೊದಲ್ಲಿ ಬೆಳಗ್ಗೆ 11. ಅಷ್ಟೊತ್ತಿಗೆ ಅವರು ಮೀಟಿಂಗ್‌ಗಳಲ್ಲಿ ಮುಳುಗಿರ್ತಾರೆ. ಸಂಜೆ 7:30ಕ್ಕೆ ಕಳಿಸಿದ್ರೆ ಅಲ್ಲಿ ಬೆಳಗ್ಗೆ 8, ದಿನದ ಕೆಲಸ ಹಂಚೋ ಮುಂಚೆನೇ ಕಣ್ಣಿಗೆ ಬೀಳುತ್ತೆ. ನೀವು ಮರುದಿನ 9:30ಕ್ಕೆ ಕೂರೋ ಹೊತ್ತಿಗೆ ಅವರ ಪೂರ್ತಿ ಒಂದು ದಿನ ಸಿಕ್ಕಿರುತ್ತೆ.

ಎರಡನೇದು, ಬ್ಲಾಕರ್ ಎಲ್ಲಿ ಬರೀತೀರಿ? ಟೇಬಲ್ ಕೆಳಗೆ ಇದ್ರೆ ಯಾರೂ ಅಲ್ಲಿ ತನಕ ಇಳಿಯಲ್ಲ. ಅದು ಸಬ್ಜೆಕ್ಟ್‌ಗೇ ಬರಬೇಕು:

```
[ACTION by 3 PM CT Tue 18-Nov] Test status, build 4.2.17

Need: unlock account qa_pay02 on staging
Owner: staging admin
Impact: 26 of 120 cases blocked
If not done: Wed we run report regression instead
```

ತಿಂಗಳನ್ನ ಅಕ್ಷರದಲ್ಲೇ ಬರೀರಿ. 03/04 ಅಂದ್ರೆ ನಮಗೆ ಏಪ್ರಿಲ್ 3, ಅವರಿಗೆ ಮಾರ್ಚ್ 4. EOD ಅಂತಲೂ ಬೇಡ, ಯಾರ ದಿನದ ಕೊನೆ ಅನ್ನೋದೇ ಗೊತ್ತಾಗಲ್ಲ. ‘ಪೇಮೆಂಟ್ ಟೆಸ್ಟಿಂಗ್ ನಿಂತಿದೆ’ ಅಂದ್ರೆ ಅವರ ಪಾಲಿಗೆ ಅದು ಸುದ್ದಿ ಅಷ್ಟೆ. ‘ಈ ಅಕೌಂಟ್ ಅನ್‌ಲಾಕ್ ಮಾಡಿ’ ಅಂದಾಗ ಕೆಲಸ ಆಗುತ್ತೆ.

ಪಿ.ಜೆ. ಬಡಾವಣೆಯಿಂದ: ಇಷ್ಟೆಲ್ಲ ಯಾಕ್ರಿ? ಮೇಲ್ಗಡೆ ಶೇಕಡಾ ಎಷ್ಟು ಮುಗೀತು ಅಂತ ಹಾಕಿ, ಪಕ್ಕಕ್ಕೆ ಹಸಿರು, ಹಳದಿ ಇಲ್ಲಾ ಕೆಂಪು. ಮ್ಯಾನೇಜರ್‌ಗಳು ಅದನ್ನ ಬಿಟ್ಟು ಬೇರೆ ಓದಲ್ಲ. ಸಂಜೆ 7:30 ಅಂತ ವರ್ಷಪೂರ್ತಿ ಫಿಕ್ಸ್ ಮಾಡಿಬಿಡಿ.

ಚಿತ್ರದುರ್ಗದಿಂದ: ಬಣ್ಣ ಮೊದಲು ನೋಡ್ತಾರೆ ಅನ್ನೋದು ನಿಜ. ಆದ್ರೆ ಶೇಕಡಾ ಒಂದನ್ನೇ ನಂಬಬೇಡಿ. 120 ಕೇಸ್‌ನಲ್ಲಿ 70 ಪಾಸ್, 14 ಫೇಲ್, 26 ಬ್ಲಾಕ್, 10 ಇನ್ನೂ ಮುಟ್ಟಿಲ್ಲ ಅಂತಿಟ್ಟುಕೊಳ್ಳಿ. 84 ಓಡಿಸಿದ್ದಾಯ್ತು, ಅಂದ್ರೆ 70%. ಓದಿದವರಿಗೆ ಎಲ್ಲ ಸರಿಯಾಗಿ ಸಾಗಿದೆ ಅನ್ಸುತ್ತೆ, 26 ಕೇಸ್ ಒಂದೇ ಅಕೌಂಟ್‌ಗೆ ಸಿಕ್ಕಿಹಾಕ್ಕೊಂಡಿದ್ದು ಕಾಣಲ್ಲ. ಮರುದಿನ ಅವರೇ 15 ಕೇಸ್ ಸೇರಿಸಿದ್ರೆ 135ಕ್ಕೆ 90, ಅಂದ್ರೆ 67%. ಆರು ಕೇಸ್ ಜಾಸ್ತಿ ಮುಗಿಸಿದ್ರೂ ಹಿಂದೆ ಹೋದ ಹಾಗೆ ಕಾಣುತ್ತೆ. ಅದಕ್ಕೇ ನಾಲ್ಕೂ ಸಂಖ್ಯೆ ಬರೀರಿ, ಒಟ್ಟಿಗೆ ತಾಳೆ ಆಗ್ಬೇಕು. ಒಟ್ಟು ಬದಲಾದ ದಿನ ಯಾಕೆ ಅಂತ ಒಂದು ಸಾಲು ಸಾಕು. ರೀಟೆಸ್ಟ್ ಮಾಡಿದ ಕೇಸನ್ನ ಎರಡು ಸಲ ಎಣಿಸಬೇಡಿ, ಕೊನೆಯ ಫಲಿತಾಂಶ ಮಾತ್ರ ಲೆಕ್ಕ. ತಾಳೆ ಆಗ್ತಿಲ್ಲ ಅಂದ್ರೆ ಹೆಚ್ಚಾಗಿ ತಪ್ಪು ಅಲ್ಲೇ ಇರುತ್ತೆ.

ಹೊತ್ತಿನ ಬಗ್ಗೆ: ಅಮೆರಿಕದಲ್ಲಿ ಮಾರ್ಚ್ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತೆ, ನವೆಂಬರ್ ಮೊದಲ ಭಾನುವಾರ ವಾಪಸ್ ಬರುತ್ತೆ. ನಮ್ಮ ಗಡಿಯಾರ ಬದಲಾಗಲ್ಲ. ಬೇಸಿಗೆಯಲ್ಲೂ 7:30ಕ್ಕೇ ಕಳಿಸಿದ್ರೆ ಅಲ್ಲಿ 9 ಆಗಿರುತ್ತೆ. 6:30ಕ್ಕೆ ತನ್ನಿ, ಆ ದಿನದ ಕೇಸ್‌ಗಳ ಲೆಕ್ಕ ನಿಲ್ಲಿಸೋ ಹೊತ್ತನ್ನೂ ಸಂಜೆ ಆರಕ್ಕೆ ಎಳೀರಿ.

ಹಿರಿಯೂರಿನಿಂದ: ನಮ್ಮ ಕ್ಲೈಂಟ್ ಸಿಡ್ನಿ, ಅಲ್ಲಿ ಲೆಕ್ಕ ಉಲ್ಟಾ. ಅವರು ನಮಗಿಂತ ಮುಂದಿದ್ದಾರೆ. ನವೆಂಬರಲ್ಲಿ ನಮ್ಮ ಬೆಳಗ್ಗೆ ಹತ್ತಕ್ಕೆ ಅಲ್ಲಿ ಮಧ್ಯಾಹ್ನ ಮೂರೂವರೆ. ಹಂಗಾಗಿ ಸಂಜೆ ಸ್ಟೇಟಸ್ ಕಳಿಸಿ, ಬ್ಲಾಕರ್ ಇನ್ನೂ ಹಾಗೇ ಇದ್ರೆ ಬೆಳಗ್ಗೆ ಹತ್ತಕ್ಕೇ ಎರಡು ಸಾಲಿನ ಮೇಲ್ ಹಾಕ್ತೀವಿ. ಅವರು ಎದ್ದು ಹೋಗೋ ಮುಂಚೆ ಸಿಗಬೇಕಲ್ಲ.

ಪಿ.ಜೆ. ಬಡಾವಣೆಯಿಂದ: ನಾಲ್ಕು ಸಂಖ್ಯೆ ಒಪ್ಪಿದೆ. ಆದ್ರೆ ‘ಆಗದಿದ್ರೆ ನಾವು ಇದನ್ನ ಮಾಡ್ತೀವಿ’ ಅನ್ನೋ ಸಾಲು ಎಲ್ಲ ಕ್ಲೈಂಟ್‌ಗೂ ಹಿಡಿಸಲ್ಲ. ಆದ್ಯತೆ ನಾವು ಹೇಳ್ಬೇಕು ಅಂತಾರೆ.

ಚಿತ್ರದುರ್ಗದಿಂದ: ಹಾಗಿದ್ರೆ ಅದನ್ನ ಪ್ರಶ್ನೆಯಾಗಿ ಬರೀಬಹುದು, ಆದ್ರೆ ಆಗ ಮತ್ತೆ ಉತ್ತರಕ್ಕೆ ಕಾಯಬೇಕು. ಪ್ರಾಜೆಕ್ಟ್ ಶುರುವಾದಾಗಲೇ ಒಂದು ಸಲ ಒಪ್ಪಿಗೆ ತಗೊಂಡುಬಿಡೋದು ವಾಸಿ. ರಿಲೀಸ್ ಬ್ರಾಂಚ್, ಡೇಟಾ ಅಳಿಸೋದು, ಇಂಥ ವಾಪಸ್ ತರೋಕಾಗದ ಕೆಲಸಕ್ಕೆ ಮಾತ್ರ ಆ ಸಾಲು ಬೇಡ.

ಕೇಳಿದವರು: ಸ್ಟೇಜಿಂಗ್ ಅಡ್ಮಿನ್‌ಗೆ ನೇರವಾಗಿ To ಹಾಕ್ಬಹುದಾ ಸರ್? ನಮ್ಮ ಲೀಡ್, ಕ್ಲೈಂಟ್ ಮ್ಯಾನೇಜರ್‌ಗೆ ಮಾತ್ರ ಹೋಗ್ಲಿ ಅಂತಾರೆ.

ಚಿತ್ರದುರ್ಗದಿಂದ: ನನ್ನ ಪ್ರಕಾರ ಹಾಕ್ಬೇಕು, ಮ್ಯಾನೇಜರ್ ಅದನ್ನ ಫಾರ್ವರ್ಡ್ ಮಾಡೋದರಲ್ಲೇ ಅರ್ಧ ದಿನ ಹೋಗುತ್ತೆ.

ಹಿರಿಯೂರಿನಿಂದ: ನಮ್ಮಲ್ಲಿ ಹಾಗೆ ಹಾಕಿದ್ದಕ್ಕೆ ಮ್ಯಾನೇಜರ್ ಬೇಜಾರು ಮಾಡ್ಕೊಂಡ್ರು. ಮೊದಲು ಅವರನ್ನೇ ಕೇಳಿ, ಆಮೇಲೆ ಹಾಕಿ.