ಅಪ್‌ಡೇಟ್: ಸೋಷಿಯಲ್ ಮೀಡಿಯಾಗೆ ಒಬ್ಬರು ಸಿಕ್ಕರು

ನನ್ನ ಪ್ರಶ್ನೆ: "ಏಜೆನ್ಸಿ ಬಿಟ್ಟು ನಮ್ಮದೇ ಸೋಷಿಯಲ್ ಮೀಡಿಯಾ ಎಕ್ಸಿಕ್ಯೂಟಿವ್ ತಗೋತಿದ್ದೀವಿ. ಏನು ಟೆಸ್ಟ್ ಮಾಡಲಿ, ಮೊದಲ 3 ತಿಂಗಳಿಗೆ ಏನು ಗುರಿ ಕೊಡಲಿ?"

ಅಪ್‌ಡೇಟ್: ಪೋರ್ಟ್‌ಫೋಲಿಯೊ ಎಲ್ಲರದ್ದೂ ಚೆಂದವೇ, ಅದರಿಂದ ಏನೂ ಗೊತ್ತಾಗಲಿಲ್ಲ. "ಆರ್ಡರ್ ಬಂದಿಲ್ಲ, ಮೋಸಗಾರರು" ಅನ್ನೋ ಕಾಮೆಂಟಿಗೆ ಉತ್ತರ ಬರೆಸಿದ್ವಿ. ಹೆಚ್ಚಿನವರು ಬರೀ ಕ್ಷಮೆ ಕೇಳಿದರು. ಇವರು ಮಾತ್ರ ಆರ್ಡರ್ ನಂಬರ್ ಮೆಸೇಜಲ್ಲಿ ಕಳಿಸಿ ಅಂತ ಬರೆದು, ಈ ದೂರು ಆಫೀಸಲ್ಲಿ ಯಾರಿಗೆ ಹೋಗಬೇಕು ಅಂತ ನಮ್ಮನ್ನೇ ಕೇಳಿದರು. ಅಲ್ಲೇ ತೀರ್ಮಾನ ಆಯ್ತು.

ಗುರಿಯಲ್ಲಿ ಫಾಲೋವರ್ ಸಂಖ್ಯೆ ಇಟ್ಟಿಲ್ಲ, ಅದನ್ನ ಕಾಸು ಕೊಟ್ಟೂ ಏರಿಸಬಹುದು. ಮೊದಲ ತಿಂಗಳು ಅಡ್ಮಿನ್ ಹಕ್ಕೆಲ್ಲ ಏಜೆನ್ಸಿಯಿಂದ ನಮ್ಮ ಹೆಸರಿಗೆ ಬರಬೇಕು, ಈಗಿನ ರೀಚ್, ಸೇವ್ ಅಂಕಿ ಬರೆದಿಡಬೇಕು. ಆಮೇಲೆ ವಾರಕ್ಕೆ 3 ಪೋಸ್ಟ್, ಕೆಲಸದ ದಿನ 4 ಗಂಟೆಯೊಳಗೆ ಉತ್ತರ. ಪೋಸ್ಟ್ ನೋಡಿ ಬಂದ ವಿಚಾರಣೆಗಳನ್ನ ಸದ್ಯ ಎಣಿಸ್ತೀವಿ ಅಷ್ಟೇ; ಅದಕ್ಕೆ ಟಾರ್ಗೆಟ್ ಮುಂದಿನ ಕ್ವಾರ್ಟರ್‌ಗೆ.