ಕಾಯಿಲ್ ತೂಕ ಟೇಪಿನಿಂದ ಲೆಕ್ಕ ಹಾಕಿದರೆ ಸ್ಲಿಪ್‌ಗಿಂತ 35 ಕಿಲೊ ಜಾಸ್ತಿ ಬರ್ತಿದೆ, ಯಾಕೆ?

ಪ್ರಶ್ನೆ (ಪ್ರೆಸ್ ಶಾಪ್, ಉದ್ಯಮಬಾಗ, ಬೆಳಗಾವಿ): ನಮಸ್ಕಾರ ಸರ್. ನಿನ್ನೆ ಒಂದು ಸ್ಲಿಟ್ ಕಾಯಿಲ್ ಬಂತು. ಸಾದಾ ಸಿ.ಆರ್. ಉಕ್ಕು, ಪಟ್ಟಿ ಅಗಲ 200 ಮಿ.ಮೀ. ಟೇಪ್ ಹಿಡಿದಾಗ ಹೊರ ವ್ಯಾಸ ಓ.ಡಿ. 910, ಒಳ ವ್ಯಾಸ ಐ.ಡಿ. 508. ನನ್ನ ಲೆಕ್ಕಕ್ಕೆ 703 ಕಿಲೊ, ಸ್ಲಿಪ್‌ನಲ್ಲಿ 668 ಇದೆ. 35 ಕಿಲೊ ಕಡಿಮೆ ಕೊಟ್ಟಿದ್ದಾರಾ?

ಉತ್ತರ (ಸ್ಲಿಟ್ಟಿಂಗ್ ಲೈನ್‌ನಲ್ಲಿ ಬಹಳ ವರ್ಷ ಇದ್ದವರು): ಜಗಳಕ್ಕೆ ಹೋಗಬೇಡಿ, ಮೊದಲು ಟೇಪ್ ನೋಡಿ. ನಿಮ್ಮ ಸೂತ್ರ ಸರಿಯಾಗೇ ಇದೆ:

```
(OD×OD − ID×ID) × ಅಗಲ × 0.000006165 = ಕಿಲೊ
```

ಎಲ್ಲ ಅಳತೆ ಮಿ.ಮೀ.ನಲ್ಲಿ. ಆ ಪುಟ್ಟ ಸಂಖ್ಯೆಯೊಳಗೆ ಪೈ ಭಾಗ ನಾಲ್ಕು, ಉಕ್ಕಿನ ಸಾಂದ್ರತೆ 7.85 ಎರಡೂ ಸೇರಿವೆ. ಅದರಲ್ಲಿ ತಪ್ಪಿಲ್ಲ. ನನ್ನ ಅನುಮಾನ ಆ 910ರ ಮೇಲೆ.

ಓ.ಡಿ. 900 ಅಂತ ಹಾಕಿ ನೋಡಿ. 681 ಕಿಲೊ ಬರುತ್ತದೆ. ಬರೀ 10 ಮಿ.ಮೀ.ಗೆ 22 ಕಿಲೊ ಹೋಯಿತು, ಅಲ್ವಾ? ಇದೇ 10 ಮಿ.ಮೀ. ತಪ್ಪು ಐ.ಡಿ.ಯಲ್ಲಿ ಆದರೆ ಸುಮಾರು 13 ಕಿಲೊ ಅಷ್ಟೇ. ಹೊರಗಿನ ಸುತ್ತು ದೊಡ್ಡದು, ಅದಕ್ಕೆ ಅಲ್ಲಿನ ತಪ್ಪು ದುಬಾರಿ.

ನೆಲಕ್ಕೆ ನಿಲ್ಲಿಸಿದ ಕಾಯಿಲ್ ತನ್ನ ಭಾರಕ್ಕೇ ಸ್ವಲ್ಪ ಚಪ್ಪಟೆ ಆಗುತ್ತದೆ. ಅಡ್ಡ ಹಿಡಿದರೆ ಜಾಸ್ತಿ, ಉದ್ದ ಹಿಡಿದರೆ ಕಡಿಮೆ. ಜೊತೆಗೆ ಹೊರ ತುದಿ ಎದ್ದು ನಿಂತಿದ್ದರೆ, ಇಲ್ಲವೇ ಕಟ್ಟಿದ ಪಟ್ಟಿಯ ಕ್ಲಿಪ್ ಮೇಲೆ ಟೇಪ್ ಹಾದರೆ ಕೆಲವು ಮಿ.ಮೀ. ಸುಮ್ನೆ ಸೇರಿಕೊಳ್ಳುತ್ತದೆ. ಹಾಗಾಗಿ ವ್ಯಾಸ ಅಳೆಯಲೇ ಬೇಡಿ. ಹೊರ ತುದಿ ಒತ್ತಿ ಹಿಡಿದು, ಕ್ಲಿಪ್ ಬಿಟ್ಟು ಪಕ್ಕದಲ್ಲಿ ಸುತ್ತಳತೆ ತೆಗೆಯಿರಿ. ಅದನ್ನು 3.1416ರಿಂದ ಭಾಗಿಸಿ. ಸುತ್ತಳತೆಯಲ್ಲಿ 6 ಮಿ.ಮೀ. ತಪ್ಪಿದರೂ ವ್ಯಾಸದಲ್ಲಿ 2 ಮಿ.ಮೀ. ಮಾತ್ರ ತಪ್ಪುತ್ತದೆ. ತೆಗೆದು ಹೇಳಿ.

ಬಾಗಲಕೋಟೆಯಿಂದ ಒಬ್ಬರು: ಶೀಟ್ ದಪ್ಪ ಎಷ್ಟು ಅಂತ ಇವರು ಹೇಳೇ ಇಲ್ಲ. ದಪ್ಪ ಇಲ್ಲದೆ ತೂಕ ಹೆಂಗ ತೆಗೀತೀರಿ? 1.2 ಮಿ.ಮೀ. ಶೀಟ್ ಬೇರೆ, 3 ಮಿ.ಮೀ. ಬೇರೆ ಅಲ್ಲವೇ?

ಉತ್ತರಿಸಿದವರು: ಅಣ್ಣಾ, ನೀವು ಹೇಳುವುದು ಉದ್ದದ ಲೆಕ್ಕ. ತೂಕಕ್ಕೆ ದಪ್ಪ ಬೇಡ. ತೆಳು ಶೀಟ್ ಆದರೆ ಅದೇ ಜಾಗದಲ್ಲಿ ಸುತ್ತು ಜಾಸ್ತಿ, ದಪ್ಪ ಆದರೆ ಸುತ್ತು ಕಡಿಮೆ. ತುಂಬಿದ ಉಕ್ಕು ಹೆಚ್ಚುಕಡಿಮೆ ಒಂದೇ. ಇದೇ ಕಾಯಿಲ್ 900 ಓ.ಡಿ., 1.2 ಶೀಟ್ ಅಂದುಕೊಂಡರೆ ಸುಮಾರು 361 ಮೀಟರ್ ಉದ್ದ. 3 ಮಿ.ಮೀ. ಆದರೆ 144 ಮೀಟರ್. ಕಾಟಾ ಮೇಲೆ ಎರಡೂ ಹತ್ತಿರ ಹತ್ತಿರ. ಆದರೆ ದಪ್ಪದ್ದು ಒಂದು ಪಾತ್ರ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಬಾಗಲಕೋಟೆಯವರು: ಹೌದಲ್ಲ! ಸುತ್ತು ನೆನಪಾಗಲಿಲ್ಲ ನೋಡ್ರಿ.

ಫ್ಯಾಬ್ರಿಕೇಶನ್ ಮಾಡುವವರು: ನಾನು ಇದನ್ನು ಬೇರೆ ತರಹ ಮಾಡ್ತೀನಿ. ಹೊರ ಒಳ ವ್ಯಾಸದ ಸರಾಸರಿ 704, ಕಾಯಿಲ್ ಗೋಡೆ 196. ಪೈ ಗುಣಿಸು 704 ಗುಣಿಸು 196, ಆಮೇಲೆ ಅಗಲ 200 ಮತ್ತು 0.00000785ರಿಂದ ಗುಣಿಸು. ಇದು ಅಂದಾಜು ಅಷ್ಟೇ, ಪಕ್ಕಾ ಲೆಕ್ಕಕ್ಕೆ ನಿಮ್ಮ ಸೂತ್ರವೇ ಬೇಕು.

ಉತ್ತರಿಸಿದವರು: ದಾರಿ ಸರಿ, ಅಂದಾಜು ಅನ್ನೋದು ಮಾತ್ರ ತಪ್ಪು. ಎರಡೂ ಒಂದೇ ಉತ್ತರ ಕೊಡುತ್ತವೆ, ಗುಣಿಸಿ ನೋಡಿ. ಗೋಡೆ ಅಳೆಯೋದು ಸುಲಭ ಇದ್ದಲ್ಲಿ ನಿಮ್ಮದೇ ಚೆನ್ನಾಗಿದೆ. ಒಂದು ಎಚ್ಚರ: 900ರಿಂದ 508 ಕಳೆದು ಆಮೇಲೆ ವರ್ಗ ಮಾಡಬಾರದು. ಕೆಲವರು ಹಾಗೆ ಮಾಡಿ 190 ಕಿಲೊ ತಂದು ತೋರಿಸುತ್ತಾರೆ.

ಪ್ರಶ್ನೆ ಕೇಳಿದವರು: ಸರ್, ಸುತ್ತಳತೆ ತೆಗೆದೆ. 2828 ಬಂತು. ಭಾಗಿಸಿದರೆ ಓ.ಡಿ. 900. ನಿನ್ನೆ ನನ್ನ ಟೇಪ್ ಕ್ಲಿಪ್ ಮೇಲೇ ಹಾದಿತ್ತು, ಈಗ ನೋಡಿದೆ. ಲೆಕ್ಕ 681 ಆಯಿತು. ಆದರೂ 13 ಕಿಲೊ ಉಳಿಯಿತಲ್ಲ?

ಉತ್ತರಿಸಿದವರು: ಈಗ ದಪ್ಪದ ವಿಷಯಕ್ಕೆ ಬರೋಣ. ನಮ್ಮ ಸೂತ್ರ ಕಾಯಿಲ್ ಅನ್ನು ಗಟ್ಟಿ ಉಕ್ಕಿನ ಬಳೆ ಅಂದುಕೊಳ್ಳುತ್ತದೆ. ನಿಜವಾಗಿ ಸುತ್ತು ಸುತ್ತಿನ ನಡುವೆ ಗಾಳಿ ಇರುತ್ತದೆ. ಶೀಟ್ ತೆಳುವಾದಷ್ಟು ಸುತ್ತು ಜಾಸ್ತಿ, ಸಂದಿಯೂ ಜಾಸ್ತಿ. ಸ್ಲಿಟ್ಟಿಂಗ್‌ನಲ್ಲಿ ಬಿಗಿ ಕಡಿಮೆ ಇಟ್ಟು ಸುತ್ತಿದರೆ ಇನ್ನೂ ಜಾಸ್ತಿ. ನಿಮ್ಮ 668ನ್ನು 681ರಿಂದ ಭಾಗಿಸಿದರೆ 0.98. ಅಂದರೆ ನೂರರಲ್ಲಿ ಎರಡು ಭಾಗ ಗಾಳಿ. ತೆಳು ಪಟ್ಟಿಗೆ ಇದು ನನಗೆ ವಿಚಿತ್ರ ಅನಿಸುವುದಿಲ್ಲ.

ಅಗಲವನ್ನೂ ಒಮ್ಮೆ ನೋಡಿ. ಸುತ್ತುಗಳು ಪಕ್ಕಕ್ಕೆ ಸರಿದ ಕಾಯಿಲ್‌ಗೆ ಈ ಮುಖದಿಂದ ಆ ಮುಖಕ್ಕೆ ಟೇಪ್ ಹಿಡಿದರೆ ಅಗಲ ಸುಳ್ಳು ಬರುತ್ತದೆ. ಹೊರ ತುದಿಯ ಪಟ್ಟಿಯನ್ನೇ ವರ್ನಿಯರ್‌ನಿಂದ ಅಳೆಯಿರಿ. ನಿಮ್ಮ ಕಾಯಿಲ್‌ಗೆ 1 ಮಿ.ಮೀ. ಅಗಲ ಅಂದರೆ 3.4 ಕಿಲೊ.

ಇನ್ನೊಬ್ಬ ಸ್ಲಿಟ್ಟಿಂಗ್ ಆಪರೇಟರ್: ಅಣ್ಣಾ, ಒಂದು ಮಾತು. 0.98 ಎಲ್ಲರಿಗೂ ಅಲ್ಲ. ನಮ್ಮಲ್ಲಿ ದಪ್ಪ ಪಟ್ಟಿ ಬಿಗಿಯಾಗಿ ಸುತ್ತಿದಾಗ 0.99 ದಾಟುತ್ತದೆ. ಸಡಿಲ ಸುತ್ತಿದ ತೆಳು ಪಟ್ಟಿಯಲ್ಲಿ 0.97ಕ್ಕೂ ಇಳಿದಿದ್ದು ನೋಡಿದ್ದೇನೆ. ಅಳತೆ ಒಂದೇ ಇದ್ದರೂ ಎರಡು ಕಾಯಿಲ್ ಒಂದೇ ತೂಗುವುದಿಲ್ಲ.

ಉತ್ತರಿಸಿದವರು: ಒಪ್ಪಿದೆ. ಅದಕ್ಕೇ ಟೇಪ್ ಒಂದನ್ನೇ ಹಿಡಿದು ಕಡಿಮೆ ಕೊಟ್ಟರು ಅಂತ ಹೇಳಲಾಗದು, ಪೂರ್ತಿ ಕೊಟ್ಟರು ಅಂತಲೂ ಹೇಳಲಾಗದು. ಸಡಿಲ ಸುತ್ತಿದ್ದೋ, ತೂಕವೇ ಕಡಿಮೆಯೋ, ಹೊರಗಿನಿಂದ ಎರಡೂ ಒಂದೇ ತರಹ ಕಾಣುತ್ತವೆ.

ಬಾಗಲಕೋಟೆಯವರು: ಹಂಗಾದರೆ ವೇಬ್ರಿಜ್‌ಗೆ ಒಯ್ದು ತೂಗಿಸಿದರೆ ಮುಗೀತು.

ಉತ್ತರಿಸಿದವರು: ಲಾರಿ ತೂಗುವ ಕಾಟಾ ಸಾಮಾನ್ಯವಾಗಿ 5 ಅಥವಾ 10 ಕಿಲೊ ಹೆಜ್ಜೆಯಲ್ಲಿ ಓದುತ್ತದೆ. ಖಾಲಿ ಗಾಡಿ, ತುಂಬಿದ ಗಾಡಿ, ಎರಡು ಸಲ ಓದಬೇಕು. 13 ಕಿಲೊ ಜಗಳಕ್ಕೆ ಅದು ಸಾಲದು. ಒಂದು ಟನ್ ತೂಗುವ ಪ್ಲಾಟ್‌ಫಾರ್ಮ್ ಕಾಟಾ ಯಾರ ಹತ್ತಿರವಾದರೂ ಇದ್ದರೆ ಅಲ್ಲಿ ಇಡಿ.

ಸ್ಟೋರ್ ನೋಡಿಕೊಳ್ಳುವವರು, ವಿಜಯಪುರ: ನನ್ನ ಕಥೆ ಬೇರೆ. ಅರ್ಧ ಬಳಸಿದ ಕಾಯಿಲ್ ಸ್ಟಾಕ್‌ನಲ್ಲಿ ಬರೆಯಬೇಕು. ಗೋಡೆ ಅರ್ಧ ಉಳಿದಿದ್ದರೆ ತೂಕವೂ ಅರ್ಧ ಅಂತ ಬರೆದುಕೊಳ್ಳುತ್ತೇನೆ. ವರ್ಷದ ಕೊನೆಗೆ ಸ್ಟಾಕ್ ಯಾವಾಗಲೂ ಕಡಿಮೆ ಬೀಳುತ್ತದೆ.

ಉತ್ತರಿಸಿದವರು: ಸಿಕ್ಕಿತು ನಿಮ್ಮ ಕಳ್ಳ! ಇದೇ ಕಾಯಿಲ್ ತೆಗೆದುಕೊಳ್ಳಿ. ಗೋಡೆ 196, ಅರ್ಧ 98. ಆಗ ಓ.ಡಿ. 704. ಲೆಕ್ಕ ಹಾಕಿದರೆ 293 ಕಿಲೊ, ಅರ್ಧ ಅಂದರೆ 340 ಬರಬೇಕಿತ್ತು. ಹೊರಗಿನ ದೊಡ್ಡ ಸುತ್ತುಗಳು ಮೊದಲು ಖಾಲಿಯಾಗುತ್ತವೆ, ಉಳಿದದ್ದೆಲ್ಲ ಚಿಕ್ಕ ಸುತ್ತು. ಒಂದೇ ಕಾಯಿಲ್‌ನಲ್ಲಿ 47 ಕಿಲೊ ಜಾಸ್ತಿ ಬರೆಯುತ್ತಿದ್ದೀರಿ. ಪ್ರತಿ ಸಲ ಉಳಿದ ಓ.ಡಿ. ಅಳೆದು ಸೂತ್ರ ಹಾಕಿ, ಕೊನೆಗೆ 0.98ರಿಂದ ಗುಣಿಸಿ.

ವಿಜಯಪುರದವರು: ನಮ್ಮದು ಸ್ಟೇನ್‌ಲೆಸ್ 304 ಸರ್. ಅದೇ ಸಂಖ್ಯೆ ನಡೆಯುತ್ತದಾ?

ಉತ್ತರಿಸಿದವರು: ಇಲ್ಲ. 304ರ ಸಾಂದ್ರತೆ ಸುಮಾರು 7.93. ಕೊನೆಯ ಸಂಖ್ಯೆ 0.00000623 ಹಾಕಿಕೊಳ್ಳಿ. ಆ 0.98 ಕೂಡ ನಿಮ್ಮ ಕಾಯಿಲ್ ತೂಗಿ ನೀವೇ ತೆಗೆದುಕೊಳ್ಳಬೇಕು.

ಪ್ರಶ್ನೆ ಕೇಳಿದವರು: ಪಕ್ಕದ ಶೆಡ್‌ನಲ್ಲಿ ಪ್ಲಾಟ್‌ಫಾರ್ಮ್ ಕಾಟಾ ಇದೆಯಂತೆ. ಈ ಕಾಯಿಲ್ ಈಗಾಗಲೇ ಪ್ರೆಸ್‌ಗೆ ಏರಿಸಿಬಿಟ್ಟೆವು. ಮುಂದಿನದು ಬಂದಾಗ ಬಿಚ್ಚುವ ಮೊದಲೇ ತೂಗಿ, ಸುತ್ತಳತೆ ಸಮೇತ ಇಲ್ಲಿ ಹಾಕುತ್ತೇನೆ.